ಅಸೈನ್‌ಮೆಂಟ್‌ಗೆ ಎಐ ನೆರವು ಪಡೆದಿರಾ? ಅದನ್ನು ಬರೆದು ತಿಳಿಸುವುದು ಹೀಗೆ

ಅಸೈನ್‌ಮೆಂಟ್‌ನ ಕೊನೆಗೆ ‘ಎಐ ಬಳಸಿದ್ದೇನೆ’ ಎಂದು ಒಂದು ಸಾಲು ಬರೆದರೆ ಸಾಲದು. ಯಾವ ಭಾಗಕ್ಕೆ ಬಳಸಿದಿರಿ, ಆಮೇಲೆ ನೀವೇನು ಮಾಡಿದಿರಿ ಎಂಬುದು ಓದುವ ಅಧ್ಯಾಪಕರಿಗೆ ಗೊತ್ತಾಗಬೇಕು. ವಿಜಯಪುರದ ಬಿ.ಎ. ವಿದ್ಯಾರ್ಥಿನಿಯೊಬ್ಬಳು ‘ಆದಿಲ್‌ಶಾಹಿ ಕಾಲದ ನೀರಿನ ವ್ಯವಸ್ಥೆ’ ಎಂಬ ವಿಷಯ ಬರೆಯುತ್ತಿದ್ದಾಳೆ ಎಂದುಕೊಳ್ಳಿ.

ಹಂತ 1. ಶುರು ಮಾಡುವ ಮುಂಚೆಯೇ ಅಧ್ಯಾಪಕರನ್ನು ಕೇಳಬೇಕು. ಕಾಗುಣಿತ ತಿದ್ದಿಸಲು ಒಪ್ಪುವವರು ಪ್ಯಾರಾ ಬರೆಸಲು ಒಪ್ಪಲಿಕ್ಕಿಲ್ಲ. ಬೇಡ ಎಂದರೆ ಬೇಡ. ಬರೆದು ತಿಳಿಸಿದ ಮಾತ್ರಕ್ಕೆ ನಿಷೇಧ ಸಡಿಲಾಗುವುದಿಲ್ಲ.

ಹಂತ 2. ತಂತ್ರಾಂಶದ ಹೆಸರು, ದಿನಾಂಕ, ಕೇಳಿದ ಪ್ರಶ್ನೆ, ಬಂದ ಉತ್ತರ ಇವನ್ನು ಅಂದೇ ಒಂದು ಫೈಲಿನಲ್ಲಿ ಉಳಿಸಿಕೊಳ್ಳಿ. ಅದೇ ಪ್ರಶ್ನೆಗೆ ನಾಳೆ ಬೇರೆ ಉತ್ತರ ಬರಬಹುದು.

ಹಂತ 3. ಹೆಚ್ಚು ಹೊತ್ತು ಬೇಡುವುದು ಇದೇ: ಪ್ರತಿ ಇಸವಿ, ಹೆಸರು, ಆಕರವನ್ನು ತಾಳೆ ನೋಡುವುದು. ‘ತಾಜ್ ಬಾವಡಿಯನ್ನು 1656ರಲ್ಲಿ ಮುಹಮ್ಮದ್ ಆದಿಲ್‌ಶಾ ಕಟ್ಟಿಸಿದ’ ಎಂಬ ಉತ್ತರ ಬಂತೆನ್ನಿ. ಓದಲು ಸರಿಯಾಗಿಯೇ ಕಾಣುತ್ತದೆ. ಆದರೆ 1656 ಗೋಳಗುಮ್ಮಟಕ್ಕೆ ಸೇರಿದ ಇಸವಿ. ಬಾವಡಿ 1620ರದು, ಕಟ್ಟಿಸಿದವನು ಎರಡನೇ ಇಬ್ರಾಹಿಂ. ಜೊತೆಜೊತೆಯಾಗಿ ಬರುವ ಪದಗಳನ್ನು ನೋಡಿ ಮುಂದಿನ ಪದವನ್ನು ಊಹಿಸುವುದು ಈ ತಂತ್ರಾಂಶದ ರೀತಿ. ಹಾಗಾಗಿ ಒಂದೇ ಊರಿನ ಎರಡು ಸ್ಮಾರಕಗಳು ಕಲಸಿಹೋಗುತ್ತವೆ. ಇಲ್ಲದ ಪುಸ್ತಕಕ್ಕೆ ಲೇಖಕ, ಪ್ರಕಾಶಕ, ಪುಟಸಂಖ್ಯೆ ಹುಟ್ಟುವುದೂ ಹೀಗೆಯೇ. ಪುಸ್ತಕ ಕೈಗೆ ಸಿಕ್ಕಿ, ಆ ಪುಟ ಕಣ್ಣಾರೆ ಕಂಡರೆ ಮಾತ್ರ ಗ್ರಂಥಋಣದಲ್ಲಿ ಸೇರಿಸಿ. ತಂತ್ರಾಂಶವನ್ನೇ ಇತಿಹಾಸದ ಆಕರವೆಂದು ತೋರಿಸಬೇಡಿ.

ಹಂತ 4. ಗ್ರಂಥಋಣಕ್ಕೆ ಮುಂಚೆ ಹೇಳಿಕೆ ಬರೆಯಿರಿ. ಮಾದರಿ ಹೀಗಿದೆ:

‘ಈ ಬರಹದ ಉಪಶೀರ್ಷಿಕೆಗಳ ಕ್ರಮಕ್ಕೆ ಮತ್ತು ಎರಡನೇ ಭಾಗದ ಮೊದಲ ಕರಡಿಗೆ (ತಂತ್ರಾಂಶದ ಹೆಸರು) ನೆರವನ್ನು (ದಿನಾಂಕ)ದಂದು ಪಡೆದಿದ್ದೇನೆ. ಆ ಕರಡನ್ನು ನನ್ನ ಮಾತಿನಲ್ಲಿ ಮತ್ತೆ ಬರೆದಿದ್ದೇನೆ. ತಾಜ್ ಬಾವಡಿಯ ಕಾಲ ತಪ್ಪಾಗಿತ್ತು, ತಿದ್ದಿದ್ದೇನೆ. ಉಳಿದ ಭಾಗ ಮತ್ತು ತೀರ್ಮಾನ ನನ್ನವು. ಪ್ರಶ್ನೋತ್ತರದ ಪ್ರತಿ ನನ್ನಲ್ಲಿದೆ.’

ಬೇರೆ ಕಡೆಯೂ ನೆರವು ಪಡೆದಿದ್ದರೆ ಅದನ್ನೂ ಬರೆಯಬೇಕು. ಅರ್ಧ ಹೇಳಿ ಅರ್ಧ ಮುಚ್ಚಿಟ್ಟರೆ ಅದೂ ಸುಳ್ಳೇ.

ಕೃತಿಚೌರ್ಯದ ತಪಾಸಣೆಯಲ್ಲಿ ಶೇ 10ರೊಳಗೆ ಹೋಲಿಕೆ ಬಂದರೆ ಪಾರಾದೆವು ಎಂಬ ಮಾತು ಹಾಸ್ಟೆಲುಗಳಲ್ಲಿ ಓಡಾಡುತ್ತದೆ. ಯುಜಿಸಿಯ 2018ರ ನಿಯಮಾವಳಿಯಲ್ಲಿ ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ, ನಿಜ. ಆದರೆ ಅದು ಈಗಾಗಲೇ ಇರುವ ಬರಹದೊಂದಿಗಿನ ಸಾಮ್ಯದ ಅಳತೆ. ತಂತ್ರಾಂಶ ಹೊಸದಾಗಿ ಹೆಣೆದ ವಾಕ್ಯಕ್ಕೆ ಸಾಮ್ಯ ಸೊನ್ನೆ ಬರಬಹುದು. ಅಷ್ಟಕ್ಕೇ ಅದು ನಿಮ್ಮ ಬರಹವಾಗುವುದಿಲ್ಲ.

ಇದಕ್ಕೆ ವಿರುದ್ಧವಾದ ತೊಂದರೆಯೂ ಉಂಟು. ಎಐ ಬರಹ ಪತ್ತೆಹಚ್ಚುವ ಸಾಧನಗಳು ಸ್ವಂತ ಬರಹವನ್ನೇ ಯಂತ್ರದ್ದೆಂದು ತೋರಿಸುವುದಿದೆ. ಅವುಗಳ ಅಂಕವೊಂದನ್ನೇ ನಂಬಿ ಶಿಕ್ಷಿಸುವುದು ಅನ್ಯಾಯ. ಆಗ ಕೈಹಿಡಿಯುವುದು ನಿಮ್ಮ ಟಿಪ್ಪಣಿ ಹಾಳೆಗಳು, ಕರಡುಗಳು ಮತ್ತು ಗೂಗಲ್ ಡಾಕ್ಸ್‌ನಲ್ಲಿ ತಾನಾಗಿ ಉಳಿಯುವ ಹಳೆಯ ಆವೃತ್ತಿಗಳು. ಫಲಿತಾಂಶ ಬರುವವರೆಗೆ ಇವನ್ನು ಅಳಿಸಬೇಡಿ.