ಕೈಚಳಕದ ಸ್ಟೈಲಿಸ್ಟ್, ದಿನವೂ ತಡ: ರಿವ್ಯೂ ಮಾಡಿದ ಕ್ರಮ

ಲಕ್ಷಣ: ಸಲೂನ್‌ನಲ್ಲಿ ಬೆಳಿಗ್ಗೆ 10ಕ್ಕೆ ಗ್ಲೋಬಲ್ ಕಲರ್ ಬುಕಿಂಗ್, ಸ್ಟೈಲಿಸ್ಟ್ ಬರುವುದು 10:25ಕ್ಕೆ. ಕಲರ್ ಕೂರಬೇಕಾದ ಹೊತ್ತನ್ನು ಮೊಟಕು ಮಾಡುವಂತಿಲ್ಲ, ಹಾಗಾಗಿ ಆ 25 ನಿಮಿಷ ಸಂಜೆಯವರೆಗೂ ಎಲ್ಲರ ತಲೆಗೆ ಬೀಳುತ್ತದೆ.

ಫಲಿಸದ್ದು: ದಂಡ ಹಾಕಿದರೆ ಕಟ್ಟಿ ತಡವಾಗಿ ಬಂದರು, ತಡಕ್ಕೊಂದು ಬೆಲೆ ನಿಗದಿಯಾಯಿತು, ಅಷ್ಟೇ. ವಾಟ್ಸ್ಆ್ಯಪ್ ಗುಂಪಿನಲ್ಲಿ ಹೇಳಿದ್ದರಿಂದ ಮುಖ ಕೆಟ್ಟಿತು, ಸಮಯ ಸುಧಾರಿಸಲಿಲ್ಲ.

ಫಲಿಸಿದ್ದು: ಗಿರಾಕಿ ಕಡಿಮೆಯಿರುವ ಮಂಗಳವಾರ, ಬಾಗಿಲು ಮುಚ್ಚಿ, ಇಬ್ಬರೇ ಕೂತು ಅರ್ಧ ಗಂಟೆ. ಮೇಜಿನ ಮೇಲೆ ಒಂದೇ ಹಾಳೆ: ಕಳೆದ ನಾಲ್ಕು ವಾರಗಳ ಮೊದಲ ಅಪಾಯಿಂಟ್‌ಮೆಂಟ್, ಬುಕ್ ಆದ ಸಮಯ, ಗಿರಾಕಿ ಕುರ್ಚಿಯಲ್ಲಿ ಕೂತ ಸಮಯ. ಬಯೋಮೆಟ್ರಿಕ್ ಪಟ್ಟಿ ಬೇಡ. ಬೆರಳೊತ್ತಿ ಟೀ ಕುಡಿಯಲು ಹೋದವರೂ ಅದರಲ್ಲಿ ಸರಿಯಾಗಿಯೇ ಕಾಣುತ್ತಾರೆ.

ಹೊಗಳಿಕೆಯಿಂದ ಶುರು ಮಾಡಬೇಡಿ. ಮಾಡಿದರೆ ಮುಂದಿನ ಮಾತು ‘ಆದರೆ’ಗೆ ಕಾಯುವ ಆಟವಾಗುತ್ತದೆ. ಹಾಳೆ ಮುಂದಿಟ್ಟು, "ಹದಿನಾಲ್ಕು ದಿನ ಮೊದಲ ಗಿರಾಕಿ ಕಾದಿದ್ದಾರೆ. ಬೆಳಿಗ್ಗೆ ಏನು ಅಡ್ಡ ಬರ್ತಿದೆ ಹೇಳಿ" ಎಂದು ಕೇಳಿ ಸುಮ್ಮನಿರಿ. ಇಲ್ಲಿ ಹೊರಬಂದ ಕಾರಣ: ರಾತ್ರಿ 9ರ ಕೆರಾಟಿನ್ ಕೆಲಸಗಳೆಲ್ಲ ಅವರಿಗೇ ಬೀಳುತ್ತಿದ್ದವು.

ಬರೆದು ಸಹಿ ಹಾಕಿದ್ದು: ಪಾಳಿ 11ರಿಂದ 8, ಮೊದಲ ಬುಕಿಂಗ್ 11:15ಕ್ಕೆ, ಸಂಜೆ 5ರ ನಂತರ ಕೆರಾಟಿನ್ ಇಲ್ಲ. ದುಡಿದ ಕಮಿಷನ್‌ಗೆ ಕೈ ಹಾಕಲಿಲ್ಲ. ತಡವಾದರೆ ಆ ದಿನದ ಮೊದಲ ಗಿರಾಕಿ ಬೇರೆ ಕುರ್ಚಿಗೆ ಹೋಗುತ್ತಾರೆ, ಆ ಕೆಲಸದ ಕಮಿಷನ್ನೂ ಅಲ್ಲಿಗೇ. ನಾಲ್ಕು ವಾರದ ನಂತರ ಅದೇ ಹಾಳೆ ಮತ್ತೆ ತುಂಬಿ ನೋಡಬೇಕು. ಕಾರಣ ಬರೀ ಅಲಕ್ಷ್ಯವಾಗಿದ್ದರೆ ಪಾಳಿ ಬದಲಿಸಿ ಪ್ರಯೋಜನವಿಲ್ಲ, 11:25 ಆಗುತ್ತದೆ.