ಬ್ಯಾಂಕ್ ಬಿಟ್ಟು ಗಾಣಕ್ಕೆ: ಅರ್ಧ ಪುಟದ ರಾಜೀನಾಮೆ ಪತ್ರ ಬರೆಯುವುದು ಹೇಗೆ?

ನಾನು ಮ್ಯಾನೇಜರ್ ಆಗಿದ್ದಾಗ ಒಂದು ಸಂಜೆ, ಕ್ಯಾಶ್ ಮುಗಿದ ಮೇಲೆ, ನಮ್ಮ ಶಾಖೆಯ ಕ್ಲರ್ಕ್ ಒಬ್ಬಳು ಎರಡು ಪುಟದ ಪತ್ರ ತಂದು ಮೇಜಿನ ಮೇಲಿಟ್ಟಳು. ಒಂಬತ್ತು ವರ್ಷದ ನೌಕರಿ. ತಿಪಟೂರಿನ ಹತ್ತಿರ ಮನೆಯವರ ತೆಂಗಿನ ತೋಟ. ಅಣ್ಣ ಅತ್ತಿಗೆ ಜೊತೆ ಸೇರಿ ಕೊಬ್ಬರಿ ಎಣ್ಣೆಯ ಗಾಣ ಹಾಕಬೇಕು ಅಂತ ಆಸೆ. ಅವತ್ತು ಇಬ್ಬರೂ ಕೂತು ಆ ಪತ್ರವನ್ನು ಅರ್ಧ ಪುಟಕ್ಕೆ ಇಳಿಸಿದೆವು. ಹೇಗೆ ಅಂತ ಹೇಳ್ತೀನಿ. ಇದು ಸರ್ಕಾರಿ ಬ್ಯಾಂಕಿನ ಗುಮಾಸ್ತರಿಗೆ ಹೊಂದುವ ಮಾತು.

ಬರೆಯುವ ಮೊದಲು ಸೇವೆ ಎಷ್ಟು ವರ್ಷ ಅಂತ ಲೆಕ್ಕ ಹಾಕಿ. ಹಳೆಯ ಪಿಂಚಣಿಯಲ್ಲಿ ಇರುವವರು ‘ರಾಜೀನಾಮೆ’ ಅಂತ ಬರೆದರೆ, 1995ರ ಪಿಂಚಣಿ ನಿಯಮದ ಪ್ರಕಾರ ಹಿಂದಿನ ಸೇವೆಯೆಲ್ಲ ಕೈಬಿಟ್ಟು ಹೋಗುತ್ತದೆ, ಪಿಂಚಣಿ ಸಿಗುವುದಿಲ್ಲ. 20 ವರ್ಷ ಸೇವೆ ಆಗಿದ್ದರೆ ಅವರು ಕೇಳಬೇಕಾದದ್ದು ‘ಸ್ವಯಂ ನಿವೃತ್ತಿ’. ಅದಕ್ಕೆ ಮೂರು ತಿಂಗಳ ನೋಟಿಸ್. ಒಂದೇ ಒಂದು ಪದ, ಆದರೆ ಬದುಕಿನ ಪೂರ್ತಿ ಪಿಂಚಣಿಯ ಪ್ರಶ್ನೆ. ನಮ್ಮ ಹುಡುಗಿ 2010ರ ಏಪ್ರಿಲ್ ನಂತರ ಸೇರಿದವಳು, ಎನ್‌ಪಿಎಸ್‌ನಲ್ಲಿ ಇದ್ದಳು. ಹಾಗಾಗಿ ಅವಳಿಗೆ ರಾಜೀನಾಮೆಯೇ ಸರಿ.

ಎರಡನೆಯದು, ವ್ಯಾಪಾರದ ವಿಷಯ. ಅವಳ ಮೊದಲ ಪತ್ರದಲ್ಲಿ ‘ಗಾಣ ಶುರು ಮಾಡಿದ್ದೇನೆ, ಆರ್ಡರ್‌ಗಳು ಬರುತ್ತಿವೆ’ ಅಂತ ಇತ್ತು. ನಿಜಕ್ಕೂ ಯಂತ್ರವೇ ಇನ್ನೂ ಬಂದಿರಲಿಲ್ಲ, ಖುಷಿಗೆ ಬರೆದಿದ್ದಳು. ನನಗೆ ಗಾಬರಿಯಾಯಿತು. ಬ್ಯಾಂಕಿನ ಲಿಖಿತ ಅನುಮತಿ ಇಲ್ಲದೆ ನೌಕರಿಯಲ್ಲಿದ್ದಾಗ ವ್ಯಾಪಾರ ಮಾಡುವುದು ಗುಮಾಸ್ತರ ಶಿಸ್ತಿನ ನಿಯಮದಲ್ಲಿ ದೊಡ್ಡ ತಪ್ಪುಗಳ ಸಾಲಿಗೆ ಸೇರುತ್ತದೆ. ಮಾಡದ ತಪ್ಪನ್ನು ಕೈಯಾರೆ ಬರೆದುಕೊಟ್ಟ ಹಾಗೆ ಆಗುತ್ತಿತ್ತು. ‘ಬಿಡುಗಡೆಯಾದ ನಂತರ ಶುರು ಮಾಡುತ್ತೇನೆ’ ಅಂತ ಬದಲಾಯಿಸಿದೆವು. ನಿಜವಾಗಿಯೂ ಶುರುವಾಗಿದ್ದರೆ ಮಾತ್ರ ಪದ ತಿರುಚಿ ಮುಚ್ಚಿಡಬೇಡಿ. ಮೊದಲು ಯೂನಿಯನ್‌ನಲ್ಲಿ ನಿಯಮ ತಿಳಿದವರ ಹತ್ತಿರ ಮಾತಾಡಿ.

ಮೂರನೆಯದು ತಾರೀಖು. ಕಾಯಂ ಗುಮಾಸ್ತರಿಗೆ ಸಾಮಾನ್ಯವಾಗಿ ಒಂದು ತಿಂಗಳ ನೋಟಿಸ್. ನಿಮ್ಮ ನೇಮಕಾತಿ ಆದೇಶದಲ್ಲೂ ಒಮ್ಮೆ ನೋಡಿ. ನೋಟಿಸ್ ಕೊಡದೆ ಹೋದರೆ ಅಷ್ಟು ದಿನದ ಸಂಬಳ ಕಟ್ಟಬೇಕಾಗುತ್ತದೆ. ‘ಆದಷ್ಟು ಬೇಗ’ ಅಂತ ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಕೊನೆಯ ದಿನ ಇಂಥದ್ದು ಅಂತ ಬರೆಯಿರಿ. ಮಾರ್ಚ್ ಕೊನೆಯ ಲೆಕ್ಕ ಮುಗಿಸುವ ಗಡಿಬಿಡಿಯಲ್ಲಿ ಮಾತ್ರ ಬೇಡ, ಜೊತೆಯವರಿಗೆ ಕಷ್ಟ.

ಇನ್ನು ಧನ್ಯವಾದ. ಅವಳು ಹದಿನಾಲ್ಕು ಜನರ ಹೆಸರು ಬರೆದಿದ್ದಳು. ಬಿಟ್ಟುಹೋದ ಹದಿನೈದನೆಯವರಿಗೆ ಬೇಜಾರಾಗುವುದಿಲ್ವಾ? ‘ನಿನಗೆ ಯಾವುದು ನೆನಪಿರುತ್ತೆ, ಅದೊಂದನ್ನೇ ಬರಿ’ ಅಂದೆ. ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದಳು. ಸೇರಿದ ಮೊದಲ ವಾರ ಕ್ಯಾಶ್‌ನಲ್ಲಿ 500 ರೂಪಾಯಿ ಕಮ್ಮಿ ಬಂದಿತ್ತಂತೆ. ಹೆಡ್ ಕ್ಯಾಶಿಯರ್ ಮನೆಗೆ ಹೋಗದೆ, ಅವಳ ಪಕ್ಕದಲ್ಲೇ ಕೂತು ಕಟ್ಟುಗಳನ್ನೆಲ್ಲ ಬಿಚ್ಚಿ ಎಣಿಸಿದ್ದರು. ಒಂದು ಕಟ್ಟಿನಲ್ಲಿ ನೂರರ ಬದಲು ನೂರೊಂದು ನೋಟು ಇತ್ತು. ಆ ಒಂದು ಸಾಲಿಗೆ ಪತ್ರಕ್ಕೆ ಜೀವ ಬಂತು.

ಕೊನೆಗೆ ಪತ್ರ ಹೀಗಾಯಿತು:

ದಿನಾಂಕ: ಜೂನ್ 2

ಇವರಿಗೆ: ಪ್ರಾದೇಶಿಕ ವ್ಯವಸ್ಥಾಪಕರು
ಮೂಲಕ: ಶಾಖಾ ವ್ಯವಸ್ಥಾಪಕರು

ಮಾನ್ಯರೇ,

ವಿಷಯ: ಗುಮಾಸ್ತ ಹುದ್ದೆಗೆ ರಾಜೀನಾಮೆ

ನನ್ನ ಹುದ್ದೆಗೆ ರಾಜೀನಾಮೆ ನೀಡುತ್ತಿದ್ದೇನೆ. ಒಂದು ತಿಂಗಳ ನೋಟಿಸ್ ಪೂರೈಸಿ, ಜುಲೈ 4ರಂದು ಕೆಲಸದ ಅವಧಿ ಮುಗಿದ ನಂತರ ನನ್ನನ್ನು ಬಿಡುಗಡೆ ಮಾಡಬೇಕೆಂದು ಕೋರುತ್ತೇನೆ. ಬಿಡುಗಡೆಯಾದ ನಂತರ ಮನೆಯವರ ಜೊತೆ ಊರಿನಲ್ಲಿ ಎಣ್ಣೆ ಗಾಣ ಶುರು ಮಾಡುವ ಉದ್ದೇಶವಿದೆ.

ಸೇರಿದ ಮೊದಲ ವಾರ ಲೆಕ್ಕ ಸರಿಹೋಗದೆ ಕಣ್ಣೀರು ಹಾಕಿದ್ದ ನನ್ನ ಪಕ್ಕದಲ್ಲಿ ಕೂತು ನೋಟು ಎಣಿಸಿಕೊಟ್ಟ ಶಾಖೆ ಇದು. ನನ್ನ ಗಾಣದ ಲೆಕ್ಕವನ್ನೂ ಇಲ್ಲಿ ಕಲಿತ ಹಾಗೆಯೇ ಬರೆಯುತ್ತೇನೆ. ಎಲ್ಲರಿಗೂ ನನ್ನ ಮನಸಾರೆ ಧನ್ಯವಾದ.

ಇತಿ ತಮ್ಮ ವಿಶ್ವಾಸಿ,
(ಸಹಿ, ಹೆಸರು, ಸಿಬ್ಬಂದಿ ಸಂಖ್ಯೆ)

ಸಿಬ್ಬಂದಿ ಸಾಲದ ಮಾತು ಪತ್ರದಲ್ಲಿ ಬೇಡ. ಆದರೆ ಕೊಡುವ ಮೊದಲೇ ಕೇಳಿಕೊಳ್ಳಿ. ನೌಕರಿ ಬಿಟ್ಟ ಮೇಲೆ ರಿಯಾಯಿತಿ ಬಡ್ಡಿ ಉಳಿಯುವುದು ಕಷ್ಟ. ಸಾಲ ತೀರಿಸಬೇಕೋ, ಸಾಮಾನ್ಯ ಬಡ್ಡಿಗೆ ಹೋಗುತ್ತದೋ ಅನ್ನುವುದು ಆಯಾ ಬ್ಯಾಂಕಿನ ನಿಯಮ.

ಎರಡು ಪ್ರತಿ ತೆಗೆದುಕೊಂಡು ಹೋಗಿ. ಒಂದರ ಮೇಲೆ ಶಾಖೆಯ ಮೊಹರು, ಸಹಿ, ತಾರೀಖು ಹಾಕಿಸಿ ಮನೆಗೆ ತನ್ನಿ. ನೋಟಿಸ್ ಯಾವತ್ತಿನಿಂದ ಶುರುವಾಯಿತು ಅನ್ನುವುದಕ್ಕೆ ಅದೇ ಸಾಕ್ಷಿ. ಬ್ಯಾಂಕಿನ ಪೋರ್ಟಲ್‌ನಲ್ಲೂ ಹಾಕಬೇಕಿದ್ದರೆ ಅದೇ ದಿನ ಹಾಕಿ, ಎರಡರಲ್ಲೂ ಒಂದೇ ತಾರೀಖು ಇರಲಿ. ಕೊನೆಯ ದಿನ ಬಿಡುಗಡೆ ಆದೇಶ ಕೈಗೆ ಬರುವ ತನಕ ಹೊರಡಬೇಡಿ. ನಮ್ಮ ಹುಡುಗಿ ಅದನ್ನು ಟಿಫಿನ್ ಡಬ್ಬಿಯ ಚೀಲದೊಳಗೆ ಮಡಿಸದೆ ಇಟ್ಟುಕೊಂಡು ತಿಪಟೂರಿನ ಬಸ್ಸು ಹತ್ತಿದಳು.