ಒಬ್ಬ ಚಂದಾದಾರನನ್ನು ಗಳಿಸಲು ಎಷ್ಟು ಖರ್ಚು ಮಾಡಬಹುದು? ನಮ್ಮ ಕಾಫಿ ಬಾಕ್ಸ್‌ನ ಲೆಕ್ಕ

ಮಡಿಕೇರಿಯಿಂದ ನಾವು ತಿಂಗಳಿಗೊಂದು ಬಾಕ್ಸ್ ಕಳಿಸುತ್ತೇವೆ. ಅದರಲ್ಲಿ ಕಾಫಿ ಪುಡಿ, ಕರಿಮೆಣಸು, ಏಲಕ್ಕಿ, ಜೇನು ಇರುತ್ತವೆ. ಕೆಲವು ತಿಂಗಳು ಕೊಡಗಿನ ಅಡುಗೆಯ ಹುಳಿರಸವಾದ ಕಾಚಂಪುಳಿಯ ಸಣ್ಣ ಬಾಟಲಿಯೂ ಸೇರುತ್ತದೆ. ಬೆಲೆ ₹700. ಜಾಹೀರಾತಿಗೆ ಎಷ್ಟು ಹಾಕಬಹುದು ಎಂದು ತಿಳಿಯಲು ಗ್ರಾಹಕರ ಜೀವಿತಾವಧಿ ಮೌಲ್ಯ ನೋಡಬೇಕು. ಅಂದರೆ ಒಬ್ಬ ಗ್ರಾಹಕ ನಮ್ಮ ಜೊತೆ ಇರುವಷ್ಟು ಕಾಲ ನಮಗೆ ಉಳಿಸಿಕೊಡುವ ಒಟ್ಟು ಹಣ. ಇಲ್ಲಿ ಎಣಿಸಬೇಕಾದದ್ದು ಮಾರಾಟದ ಹಣವನ್ನಲ್ಲ, ಉಳಿಯುವ ಹಣವನ್ನು.

₹700ರಲ್ಲಿ ತೆರಿಗೆಗೆ 33, ಸರಕಿಗೆ 290, ಪೆಟ್ಟಿಗೆ ಮತ್ತು ಪ್ಯಾಕಿಂಗ್‌ಗೆ 40, ಕೊರಿಯರ್‌ಗೆ 90, ಆನ್‌ಲೈನ್ ಪಾವತಿ ಶುಲ್ಕಕ್ಕೆ 17 ಹೋಗುತ್ತದೆ. ಒಡೆದ ಜೇನಿನ ಬಾಟಲಿಗೆ ಬದಲಿ ಕಳಿಸುವುದಕ್ಕೆ ಬಾಕ್ಸ್‌ಗೆ ಸರಾಸರಿ 10 ಇಟ್ಟುಕೊಳ್ಳುತ್ತೇನೆ. ಕೈಯಲ್ಲಿ ಉಳಿಯುವುದು ₹220.

ಮುಂದಿನ ಪ್ರಶ್ನೆ, ಒಬ್ಬರು ಎಷ್ಟು ಬಾಕ್ಸ್ ಕೊಳ್ಳುತ್ತಾರೆ? ಸುಲಭದ ಸೂತ್ರವೊಂದಿದೆ: ತಿಂಗಳಿಗೆ ನೂರರಲ್ಲಿ 8 ಜನ ಬಿಟ್ಟರೆ, 100ನ್ನು 8ರಿಂದ ಭಾಗಿಸಿ 12.5 ಬಾಕ್ಸ್ ಎನ್ನುವುದು. ಆ ಪ್ರಕಾರ ಒಬ್ಬ ಗ್ರಾಹಕನ ಮೌಲ್ಯ ₹2,750. ನಾನು ಇದನ್ನು ನಂಬುವುದಿಲ್ಲ. ಆ 8ರ ಲೆಕ್ಕದಲ್ಲಿ ಬಹಳ ಕಾಲದಿಂದ ಉಳಿದುಕೊಂಡ ಹಳಬರೇ ತುಂಬಿರುತ್ತಾರೆ. ಜಾಹೀರಾತಿನ ಹಣ ಸುರಿಯುವುದು ಹೊಸಬರ ಮೇಲೆ, ಮತ್ತು ಹೊಸಬರು ಬಿಡುವ ರೀತಿಯೇ ಬೇರೆ.

ಹಾಗಾಗಿ ಒಂದೇ ತಿಂಗಳಲ್ಲಿ ಸೇರಿದವರನ್ನೆಲ್ಲ ಒಂದು ಸಾಲಿನಲ್ಲಿ ಬರೆದು, ಪ್ರತಿ ಬಾಕ್ಸ್‌ಗೆ ಎಷ್ಟು ಜನ ಉಳಿದರು ಎಂದು ಗುರುತಿಸುತ್ತೇನೆ. ನಮ್ಮಲ್ಲಿ ನೂರು ಜನ ಸೇರಿದರೆ ಎರಡನೆಯ ಬಾಕ್ಸ್ ಕೊಳ್ಳುವವರು 70, ಮೂರನೆಯದಕ್ಕೆ 56, ಆರನೆಯದಕ್ಕೆ 40. ಆಮೇಲೆ ಇಳಿತ ನಿಧಾನವಾಗಿ, ಹನ್ನೆರಡನೆಯದಕ್ಕೆ 29 ಜನ ಇರುತ್ತಾರೆ. ವರ್ಷದ ಎಲ್ಲ ಬಾಕ್ಸ್ ಕೂಡಿದರೆ 557. ತಲೆಗೆ ಐದೂವರೆ ಬಾಕ್ಸ್‌ಗಿಂತ ತುಸು ಹೆಚ್ಚು, ಅಂದರೆ ಸುಮಾರು ₹1,225. ಒಂದು ವರ್ಷದಾಚೆಗಿನದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಬಿಟ್ಟವರಲ್ಲೂ ಎರಡು ಬಗೆಯಿದೆ. ತಾವಾಗಿ ರದ್ದು ಮಾಡಿದವರು ಒಂದು, ಕಾರ್ಡ್ ಅವಧಿ ಮುಗಿದೋ ಖಾತೆಯಲ್ಲಿ ಹಣವಿಲ್ಲದೆಯೋ ಪಾವತಿ ನಿಂತವರು ಇನ್ನೊಂದು. ಎರಡನೆಯವರಿಗೆ ಒಂದು ಫೋನ್ ಮಾಡಿದರೆ ಹಲವರು ಮರಳುತ್ತಾರೆ. ಅವರನ್ನು ಬೇರೆ ಕಾಲಮ್‌ನಲ್ಲಿ ಇಡದಿದ್ದರೆ, ಸರಕು ಇಷ್ಟವಾಗದೆ ಬಿಟ್ಟರು ಎಂದು ನಾವು ತಪ್ಪು ತಿಳಿಯುತ್ತೇವೆ.

₹1,225 ಎಂದ ಮಾತ್ರಕ್ಕೆ ಅಷ್ಟನ್ನೂ ಖರ್ಚು ಮಾಡುವ ಹಾಗಿಲ್ಲ. ಅದು ವರ್ಷವಿಡೀ ಚೂರುಚೂರಾಗಿ ಬರುವ ಹಣ, ಜಾಹೀರಾತಿನ ಬಿಲ್ಲು ಈ ತಿಂಗಳೇ ಕಟ್ಟಬೇಕು. ಕೊಡಗಿನಲ್ಲಿ ಅರೇಬಿಕಾ ಕೊಯ್ಲು ಮುಗಿಯುವ ಹೊತ್ತಿಗೆ ರೊಬಸ್ಟಾ, ಅದರ ಬೆನ್ನಿಗೇ ಮೆಣಸು. ವರ್ಷದ ಸರಕಿಗೆ ದುಡ್ಡು ಹಾಕಬೇಕಾದದ್ದು ಆ ಕೆಲವೇ ತಿಂಗಳಲ್ಲಿ. ಆದ್ದರಿಂದ ಗ್ರಾಹಕನಿಗೆ ಹಾಕಿದ ಹಣ ಮೂರು ಬಾಕ್ಸ್‌ನೊಳಗೆ ವಾಪಸ್ ಬರಬೇಕು ಎಂಬ ನಿಯಮ ಇಟ್ಟುಕೊಂಡಿದ್ದೇನೆ. ನೂರು ಜನರಿಂದ ಮೊದಲ ಮೂರು ಸಲಕ್ಕೆ 226 ಬಾಕ್ಸ್ ಹೋಗುತ್ತದೆ. 220ರಿಂದ ಗುಣಿಸಿ ನೂರರಿಂದ ಭಾಗಿಸಿದರೆ ತಲೆಗೆ ₹497. ಒಬ್ಬರನ್ನು ಗಳಿಸಲು ಮಾಡಬಹುದಾದ ಖರ್ಚಿನ ಮಿತಿ ಇದೇ.

ಈ ಸರಾಸರಿಯೂ ಸಾಲದು. ಹೋಂಸ್ಟೇ ಕೋಣೆಯಲ್ಲಿ ನಮ್ಮ ಕಾಫಿ ಕುಡಿದು, ಅಲ್ಲಿನ ಕಾರ್ಡ್ ನೋಡಿ ಸೇರಿದವರಲ್ಲಿ ನೂರಕ್ಕೆ 85 ಜನ ಎರಡನೆಯ ಬಾಕ್ಸ್, 78 ಜನ ಮೂರನೆಯದನ್ನು ಕೊಳ್ಳುತ್ತಾರೆ. ಅವರ ಮಿತಿ ಸುಮಾರು ₹580, ಹೋಂಸ್ಟೇಯವರಿಗೆ ನಾವು ಕೊಡುವುದು ತಲೆಗೆ ₹200. ಇನ್‌ಸ್ಟಾಗ್ರಾಮ್ ಜಾಹೀರಾತಿನಿಂದ ಬಂದವರಲ್ಲಿ 62 ಮತ್ತು 44 ಮಾತ್ರ, ಮಿತಿ ₹450. ಮೊದಲ ಬಾಕ್ಸ್‌ಗೆ ರಿಯಾಯಿತಿ ಕೊಟ್ಟರೆ ಅದನ್ನೂ ಈ ಮಿತಿಯೊಳಗೇ ಸೇರಿಸಬೇಕು.

ಬಹಳ ಜನ ತಪ್ಪುವುದು ಮುಂದಿನ ಹೆಜ್ಜೆಯಲ್ಲಿ. ತಿಂಗಳಿಗೆ ₹10,000 ಜಾಹೀರಾತಿಗೆ 30 ಜನ ಬರುತ್ತಿದ್ದರು, ತಲೆಗೆ ₹333. ₹20,000 ಹಾಕಿದಾಗ 45 ಜನ ಬಂದರು. ಸರಾಸರಿ ₹444, ಮಿತಿಯೊಳಗೇ ಇದ್ದಂತೆ ಕಾಣುತ್ತದೆ. ಆದರೆ ಎರಡನೆಯ ಹತ್ತು ಸಾವಿರ ತಂದದ್ದು 15 ಜನರನ್ನು ಮಾತ್ರ, ಅವರಿಗೆ ತಲೆಗೆ ₹667 ಬಿತ್ತು. ಸುಲಭವಾಗಿ ಸಿಗುವವರು ಮೊದಲ ಹಣಕ್ಕೇ ಸಿಕ್ಕಿಬಿಡುತ್ತಾರೆ. ಹೀಗಾಗಿ ಮಿತಿಗೆ ಹೋಲಿಸಬೇಕಾದದ್ದು ಕೊನೆಗೆ ಹೆಚ್ಚಿಸಿದ ಹಣದ ಲೆಕ್ಕವನ್ನು. ಜಾಹೀರಾತನ್ನು ಹತ್ತು ಸಾವಿರಕ್ಕೆ ಇಳಿಸಿ, ಉಳಿದದ್ದನ್ನು ಹೊಸ ಹೋಂಸ್ಟೇಗಳಲ್ಲಿ ಉಚಿತ ಕಾಫಿ ಇಡಲು ಬಳಸುತ್ತಿದ್ದೇವೆ.

ಈ ಮಿತಿ ಒಮ್ಮೆ ಬರೆದಿಟ್ಟರೆ ಮುಗಿಯುವಂಥದ್ದಲ್ಲ. 2024ರಲ್ಲಿ ರೊಬಸ್ಟಾ ಬೆಲೆ ಏರಿದ ಹಾಗೆ ಏರಿ ಸರಕಿನ ಖರ್ಚು 290ರಿಂದ 340ಕ್ಕೆ ಹೋದರೆ, ಬಾಕ್ಸ್‌ಗೆ ಉಳಿಯುವುದು ₹170. ಜಾಹೀರಾತಿನ ಮಿತಿ ₹450ರಿಂದ ₹350ಕ್ಕೆ ಕುಸಿಯುತ್ತದೆ, ಮೊದಲ ಹತ್ತು ಸಾವಿರವೂ ಕಷ್ಟದಲ್ಲಿ ದಾಟುತ್ತದೆ. ಹಾಗಾಗಿ ಪ್ರತಿ ಕೊಯ್ಲಿನಲ್ಲಿ ಖರೀದಿ ದರ ನಿಗದಿಯಾದ ವಾರವೇ 220ರ ಜಾಗದಲ್ಲಿ ಹೊಸ ಸಂಖ್ಯೆ ಹಾಕಿ, ಅದಕ್ಕೆ ತಕ್ಕಂತೆ ಜಾಹೀರಾತಿನ ದಿನದ ಮಿತಿ ಬದಲಿಸುತ್ತೇನೆ.